ಒಂದು ಕೊಂಬಿನ ದೀರ್ಘ

ಬಾಲಮಂದಿರದ ಮನಶ್ಶಾಸ್ತ್ರಜ್ಞೆ ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಳ್ಳುವಾಗ ಲೋಟದ ಅಂಚಿಗೆ ಎಡಗೈಯ ಒಂದು ಬೆರಳು ಹಿಡಿದಿರುತ್ತಾರೆ. ಹೊಸಬರು ಅದನ್ನು ಶಿಸ್ತು ಎಂದುಕೊಳ್ಳುತ್ತಾರೆ. ಶಿಸ್ತೂ ಅಲ್ಲ, ಮಣ್ಣೂ ಅಲ್ಲ. ಬೆರಳು ಹಿಡಿಯದಿದ್ದರೆ ಚಹಾ ಲೋಟದ ಪಕ್ಕದಲ್ಲಿ ಬೀಳುತ್ತದೆ. ಅವರ ಎಡಗಣ್ಣು ಇದ್ದೂ ಇಲ್ಲದ ಲೆಕ್ಕ. ಹತ್ತಿರ ಯಾವುದು, ದೂರ ಯಾವುದು ಎಂದು ಅಳೆಯಲು ಎರಡೂ ಕಣ್ಣು ಒಟ್ಟಾಗಿ ದುಡಿಯಬೇಕು. ಅವರಲ್ಲಿ ಒಂದೇ ದುಡಿಯುತ್ತದೆ, ಇನ್ನೊಂದು ಸುಮ್ಮನೆ ಹಾಜರಿ ಹಾಕುತ್ತದೆ. ಅದಕ್ಕೇ ಮಂದಿರದ ಹುಡುಗಿಯರು ಅವರಿಗಿಟ್ಟ ಹೆಸರು ‘ಒಂದೂವರೆ ಮೇಡಂ’. ಬೆನ್ನ ಹಿಂದೆ ಕರೆಯುವ ಹೆಸರು ಎದುರಿಗೂ ಬಾಯಿ ತಪ್ಪಿ ಬಂದುಬಿಟ್ಟಾಗ ಅವರು ಬೈಯುವುದಿಲ್ಲ. “ಅರ್ಧ ಬಿಟ್ಟು ಕರೀರೇ, ಒಂದು ಸಾಕು,” ಎನ್ನುತ್ತಾರೆ.

ಆ ಕಣ್ಣಿನ ಕಥೆಯನ್ನು ಮೊದಲೇ ಹೇಳಿಬಿಡುತ್ತೇನೆ. ಈ ಹೆಂಗಸು ಯಾಕೆ ಸದಾ ಹೊತ್ತು ಮೀರುತ್ತಿದೆ ಎಂಬ ಮುಖ ಹೊತ್ತು ತಿರುಗುತ್ತಾರೆ ಎನ್ನುವುದು ಅದರಲ್ಲಿದೆ. ಹುಟ್ಟುವಾಗ ಕಣ್ಣು ಚೆನ್ನಾಗಿಯೇ ಇತ್ತು. ಒಂದರ ನೋಟ ಮಾತ್ರ ಮಸುಕು, ಒಂದು ಕನ್ನಡಕ ಹಾಕಿದ್ದರೆ ಸರಿಹೋಗುವಷ್ಟು. ಯಾರೂ ನೋಡಲಿಲ್ಲ. ಮಗು ಎಡವಿದರೆ ‘ಇವಳಿಗೆ ಗಮನ ಇಲ್ಲ’ ಎಂದರು, ಚೆಂಡು ಹಿಡಿಯದಿದ್ದರೆ ‘ದಡ್ಡಿ’ ಎಂದರು. ಐದನೇ ತರಗತಿಯಲ್ಲಿ ಕಣ್ಣು ತಪಾಸಣೆಗೆ ಬಂದ ಡಾಕ್ಟರು ಬಲಗಣ್ಣು ಮುಚ್ಚಿಸಿ ಓದಿಸಿದಾಗಲೇ ಗೊತ್ತಾಗಿದ್ದು. ಆತ ತಾಯಿಯನ್ನು ಕರೆಸಿ ಹೇಳಿದ: “ಕಣ್ಣಲ್ಲಿ ದೋಷ ಈಗ ಹೆಚ್ಚೇನೂ ಇಲ್ಲಮ್ಮ. ದೋಷ ಇರೋದು ಮೆದುಳಲ್ಲಿ. ಮಸುಕು ಚಿತ್ರ ಕಳಿಸೋ ಕಣ್ಣಿಗೆ ಕೊಟ್ಟಿದ್ದ ಜಾಗಾನೆಲ್ಲಾ ಮೆದುಳು ಇನ್ನೊಂದು ಕಣ್ಣಿಗೆ ಬರೆದುಕೊಟ್ಟುಬಿಟ್ಟಿದೆ. ಚಿಕ್ಕವಳಿದ್ದಾಗಲೇ ಒಳ್ಳೇ ಕಣ್ಣಿಗೆ ಪಟ್ಟಿ ಕಟ್ಟಿ ಇದನ್ನ ದುಡಿಸಿದ್ರೆ ಉಳೀತಿತ್ತು. ಈಗಲೂ ಕಟ್ಟಿ ನೋಡೋಣ, ಆದ್ರೆ ಹೆಚ್ಚು ಆಸೆ ಇಟ್ಕೋಬೇಡಿ.” ಪಟ್ಟಿ ಕಟ್ಟಿದರು. ಸಿಕ್ಕಿದ್ದು ಆ ಅರ್ಧ.

ಮುಂದೆ ಆಕೆ ಮನಶ್ಶಾಸ್ತ್ರ ಓದಿದ್ದು ಈ ಮಾತಿನ ಬೆನ್ನು ಹತ್ತಿ. ಹುಟ್ಟಿದ ಮಗುವಿನ ಮೆದುಳು ತನಗೆ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಕೊಂಡಿಗಳನ್ನು ನರಕೋಶಗಳ ನಡುವೆ ಹಾಕಿಕೊಳ್ಳುತ್ತದೆ. ಆಮೇಲೆ ಬಳಕೆಯಾದದ್ದನ್ನು ಉಳಿಸಿ ಗಟ್ಟಿಮಾಡಿ, ಬಳಕೆಯಾಗದ್ದನ್ನು ಕೀಳುತ್ತಾ ಹೋಗುತ್ತದೆ. ಎಲ್ಲ ಕಡೆ ಒಂದೇ ಸಲ ಅಲ್ಲ. ನೋಡುವ ಭಾಗ ಬೇಗ ಕೆಲಸ ಶುರುಮಾಡಿ ಎಳೆತನದಲ್ಲೇ ಬಹುಪಾಲು ಮುಗಿಸುತ್ತದೆ. ಹಣೆಯ ಹಿಂದಿನ ಭಾಗ, ಅಂದರೆ ತಡೆದುಕೊಳ್ಳುವ, ಮುಂದಾಲೋಚಿಸುವ ಭಾಗ, ಎಲ್ಲಕ್ಕಿಂತ ಕೊನೆಗೆ. ಹದಿಹರೆಯವೆಲ್ಲಾ ಅಲ್ಲಿ ಈ ಕೀಳುವ, ಉಳಿಸುವ ಕೆಲಸ ಸಾಗುತ್ತಿರುತ್ತದೆ. ಇಪ್ಪತ್ತು ದಾಟಿದ ಮೇಲೂ ಸಾಗುತ್ತದೆ. ಇದು ಗೊತ್ತಿರುವ ಹೆಂಗಸಿಗೆ ನಾವು ಕೊಟ್ಟ ಕೆಲಸ ಏನು? ಹದಿನಾರು ತುಂಬಿದವರು ಘೋರ ತಪ್ಪು ಮಾಡಿ ಸಿಕ್ಕಿಬಿದ್ದಾಗ, ಇವರನ್ನು ಬಾಲನ್ಯಾಯ ಮಂಡಳಿಯಲ್ಲೇ ಇಟ್ಟುಕೊಳ್ಳುವುದೋ, ದೊಡ್ಡವರ ಕೋರ್ಟಿಗೆ ದಬ್ಬುವುದೋ ಎಂದು ತೀರ್ಮಾನಿಸಲು ಮಂಡಳಿಗೆ ಒಂದು ವರದಿ ಬರೆದುಕೊಡುವುದು. ಎರಡು ಪುಟ ಸಾಕಂತೆ. ಎಮ್ಮೆ ಕೊಳ್ಳುವವರೂ ಇದಕ್ಕಿಂತ ಹೆಚ್ಚು ವಿಚಾರಿಸುತ್ತಾರೆ.

ಹಾಗೆ ಬಂದವಳು ಬುಗುರಿ. ಮನೆಯಲ್ಲೇ ಇಟ್ಟ ಹೆಸರು. ಒಂದು ಕಡೆ ನಿಂತವಳಲ್ಲ. ಅಪ್ಪ ದರ್ಜಿ. ತಾಯಿ ಇಲ್ಲ. ಶಾಲೆ ಬಿಟ್ಟು ಬರುವಾಗ ಗೆಳತಿಯರ ಜೊತೆ ಹೆದ್ದಾರಿಯ ಮೇಲಿನ ಕಾಲುಸೇತುವೆಯಲ್ಲಿ ನಿಂತಿದ್ದಾಳೆ. ಸೇತುವೆಯ ಮೆಟ್ಟಿಲು ರಿಪೇರಿಗೆ ತಂದು ಉಳಿದ ಇಟ್ಟಿಗೆ ಚೂರು ಅಲ್ಲಿ ಬಿದ್ದಿದೆ. ‘ಕೆಳಗೆ ಬಿಡ್ತೀಯಾ?’ ಎಂದು ಒಬ್ಬಳು. ‘ಅಯ್ಯೋ ಇವಳಾ? ಬರೀ ಬಾಯಿ’ ಎಂದು ಇನ್ನೊಬ್ಬಳು. ಆಮೇಲೆ ಎಲ್ಲರೂ ಸೇರಿ ‘ಬಿಡು, ಬಿಡು, ಬಿಡು’ ಎಂದು ಚಪ್ಪಾಳೆ. ಬಿಟ್ಟಳು. ಕೆಳಗೆ ಹೋಗುತ್ತಿದ್ದ ಬ್ರೆಡ್ ವ್ಯಾನಿನ ಗಾಜು ಒಡೆದು ಇಟ್ಟಿಗೆ ಡ್ರೈವರನ ಎದೆಗೆ ಬಿತ್ತು. ವ್ಯಾನು ಕಂಬಕ್ಕೆ ಗುದ್ದಿತು. ಆತ ಆಸ್ಪತ್ರೆ ತಲುಪಲಿಲ್ಲ. ಚಪ್ಪಾಳೆ ತಟ್ಟಿದವರು ಓಡಿದರು. ಬುಗುರಿ ಕಂಬಿ ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ಪೊಲೀಸರು ಅವಳ ಬೆರಳುಗಳನ್ನು ಕಂಬಿಯಿಂದ ಒಂದೊಂದಾಗಿ ಬಿಡಿಸಬೇಕಾಯಿತಂತೆ.

ಪತ್ರಿಕೆಯೊಂದು ಇದಕ್ಕೆ ಕೊಟ್ಟ ತಲೆಬರಹ ‘ಯೂನಿಫಾರ್ಮ್ ತೊಟ್ಟ ಯಮ’. ಬರೆದವನಿಗೆ ಪ್ರಾಸ ಸಿಕ್ಕಿತಲ್ಲ, ಇನ್ನೇನು ಬೇಕು!

ಮೇಡಂ ಅವಳನ್ನು ಪರೀಕ್ಷಿಸಿದ್ದು ಪುಸ್ತಕದಲ್ಲಿ ಹೇಳಿದ ಹಾಗೆಯೇ: ಮಂದಿರದ ಹಿಂಬದಿಯ ಸಣ್ಣ ಕೋಣೆ, ಬಾಗಿಲು ಮುಚ್ಚಿ, ಫ್ಯಾನು ಮೆಲ್ಲಗೆ ಹಾಕಿ, ಇಬ್ಬರೇ. ಮೂರು ಗೂಟಗಳ ಮೇಲೆ ಮರದ ಬಿಲ್ಲೆಗಳನ್ನು ಒಂದೊಂದಾಗಿ ಸಾಗಿಸುವ ಆಟ ಕೊಟ್ಟರು. ದೊಡ್ಡ ಬಿಲ್ಲೆ ಚಿಕ್ಕದರ ಮೇಲೆ ಕೂರಬಾರದು. ಮೊದಲೇ ಯೋಚಿಸದೆ ಕೈ ಹಾಕಿದರೆ ಸಿಕ್ಕಿಕೊಳ್ಳುತ್ತದೆ. ಬುಗುರಿ ಗಲ್ಲಕ್ಕೆ ಕೈಕೊಟ್ಟು ನೋಡಿದಳು, ಆಮೇಲೆ ಒಂದೂ ನಡೆ ವ್ಯರ್ಥವಾಗದಂತೆ ಮುಗಿಸಿದಳು.

“ಮೊದ್ಲೇ ಆಡಿದ್ಯಾ ಇದನ್ನ?”

“ಇಲ್ಲ ಮೇಡಂ. ಬಟನ್ ಡಬ್ಬಿ ಜೋಡಿಸೋದು ಹೀಗೇ ಅಲ್ವಾ.”

ಮೇಡಂ ನೋಟುಪುಸ್ತಕ ಮುಚ್ಚಿಟ್ಟು ಕೇಳಿದರು: “ಓಡಾಡೋ ಗಾಡಿಗಳ ಮೇಲೆ ಎತ್ತರದಿಂದ ಇಟ್ಟಿಗೆ ಬಿಟ್ರೆ ಏನಾಗುತ್ತೆ?”

ಬುಗುರಿ ಬಿಲ್ಲೆಗಳನ್ನೇ ನೋಡುತ್ತಾ ಹೇಳಿದಳು: “ಗಾಜು ಒಡೆಯುತ್ತೆ. ಡ್ರೈವರ್‌ಗೆ ಏಟಾಗುತ್ತೆ. ಗಾಡಿ ಎತ್ಲಾಗೋ ಹೋಗುತ್ತೆ. ಸಾಯ್ತಾರೆ.”

“ಇದು ನಿಂಗೆ ಅವತ್ತೂ ಗೊತ್ತಿತ್ತಾ?”

“ಇಷ್ಟು ಗೊತ್ತಾಗಲ್ವಾ ಮೇಡಂ, ನಾನೇನು ಪಾಪುನಾ?”

ಈ ಉತ್ತರಗಳನ್ನು ಇದ್ದ ಹಾಗೆ ಬರೆದರೆ ಹುಡುಗಿ ದೊಡ್ಡವರ ಕೋರ್ಟಿಗೆ. ಅಲ್ಲಿಂದ ದೊಡ್ಡವರ ಜೈಲಿಗೆ. ಬರೆಯದಿದ್ದರೆ ತಾನು ಸುಳ್ಳಿ. ‘ಇವಳಿಗೆ ಪರಿಣಾಮದ ಅರಿವಿಲ್ಲ’ ಎಂದು ಗೀಚಿಬಿಡುವುದು ಸುಲಭವಿತ್ತು. ಬೇರೆಯವರು ಗೀಚುತ್ತಾರೆ, ಪುಣ್ಯ ಕಟ್ಟಿಕೊಂಡೆವು ಎಂದು ಮನೆಗೆ ಹೋಗಿ ಉಣ್ಣುತ್ತಾರೆ. ಆದರೆ ಅದು ಸುಳ್ಳು. ಮಾತಿಗೆ ಮಾತು ಕೂಡಿಸುವುದರಲ್ಲಿ, ತರ್ಕದಲ್ಲಿ ಹದಿನಾರರ ಹುಡುಗಿ ದೊಡ್ಡವರಿಗೆ ಹೆಚ್ಚುಕಮ್ಮಿ ಸಮ ಎಂಬುದು ಅವರಿಗೆ ಓದಿ ಗೊತ್ತಿತ್ತು. ಈಗ ಕಣ್ಣಾರೆ ಕಂಡಂತಾಯಿತು.

ಬಿಲ್ಲೆಗಳನ್ನು ಡಬ್ಬಿಗೆ ತುಂಬುತ್ತಾ ಅವರು ತಮ್ಮಷ್ಟಕ್ಕೆ ಎಂಬಂತೆ ಕೇಳಿದರು: “ಇಲ್ಲಿ ಇಷ್ಟು ಚೆನ್ನಾಗಿ ಯೋಚನೆ ಮಾಡ್ತೀಯಲ್ಲೇ, ಅಲ್ಲೇನಾಗಿತ್ತು ನಿಂಗೆ?”

ಹುಡುಗಿ ಬಾಗಿಲ ಕಡೆ ನೋಡಿದಳು. “ಇಲ್ಲಿ ಯಾರೂ ಚಪ್ಪಾಳೆ ತಟ್ತಿಲ್ವಲ್ಲ ಮೇಡಂ.”

ಬಾಗಿಲು ಮುಚ್ಚುವುದನ್ನು ಈ ವೃತ್ತಿಯವರಿಗೆ ಕಲಿಸಿಯೇ ಕಳಿಸುತ್ತಾರೆ. ಸದ್ದಿಲ್ಲದ ಕೋಣೆ, ಬೇರೆ ಯಾರೂ ಇರಬಾರದು, ಮಗುವಿನ ಗಮನ ಕದಡಬಾರದು. ಅಂದರೆ, ನೀರಿಲ್ಲದ ಕಡೆ ನಿಲ್ಲಿಸಿ ಈಜು ಬರುತ್ತದಾ ಎಂದು ನೋಡಿದ ಹಾಗೆ. ಹದಿಹರೆಯದ ಮೆದುಳಿನಲ್ಲಿ ಹುರುಪಿನ, ಹೊಗಳಿಕೆಯ, ಸಿಟ್ಟಿನ ಭಾಗಗಳು ಬೇಗನೇ ಕಾವೇರುತ್ತವೆ. ತಡೆಹಿಡಿಯುವ ಭಾಗ ಇನ್ನೂ ಕೆಲಸ ಮುಗಿಸಿರುವುದಿಲ್ಲ. ಒಬ್ಬರೇ ಕೂತಾಗ ಅಂತರ ಕಾಣುವುದಿಲ್ಲ. ಜೊತೆಗಾರರು ನೋಡುತ್ತಿರುವಾಗ ಕಾಣುತ್ತದೆ. ಓದಿದ್ದು ಇದೇ, ಆದರೆ ಪರೀಕ್ಷೆ ಮಾಡುವಾಗ ಬಾಗಿಲು ಮುಚ್ಚಿದ್ದೂ ತಾನೇ. ಮೇಡಂ ಅವತ್ತು ಚಹಾ ಬಗ್ಗಿಸುವಾಗ ಬೆರಳು ಹಿಡಿಯಲು ಮರೆತರು. ಮೇಜಿನ ತುಂಬಾ ಚಹಾ.

ಮರುದಿನ ಅವರು ಕಂಪ್ಯೂಟರಿನಲ್ಲಿ ಬಲೂನಿನ ಆಟ ಹಾಕಿದರು. ಗುಂಡಿ ಒತ್ತಿದಷ್ಟೂ ಬಲೂನು ಉಬ್ಬುತ್ತದೆ, ಅಂಕ ಏರುತ್ತದೆ. ಬೇಕಾದಾಗ ನಿಲ್ಲಿಸಿ ಅಂಕ ಉಳಿಸಿಕೊಳ್ಳಬಹುದು. ಒಡೆದರೆ ಅಷ್ಟೂ ಹೋಯಿತು. ಒಬ್ಬಳೇ ಆಡಿದಾಗ ಬುಗುರಿ ಅಜ್ಜಿಯಂತೆ ಜಾಗರೂಕಳು. ಆಮೇಲೆ ಮಂದಿರದ ಇಬ್ಬರು ಹುಡುಗಿಯರನ್ನು ಕರೆದು ಅವಳ ಬೆನ್ನ ಹಿಂದೆ ಕೂರಿಸಿದರು. ಅವರಿಗೆ ಹೇಳಿಕೊಡಬೇಕಾಗಲಿಲ್ಲ.

“ಒತ್ತೇ! ಇನ್ನೊಂದು!”

“ನಿಲ್ಸಿಬಿಟ್ಲು ನೋಡು, ಪುಕ್ಕಲಿ!”

“ಪುಕ್ಕಲಿ ಅಂತೆ ನಾನು, ನೋಡ್ತಿರು.”

ಫಟ್. ಮತ್ತೊಂದು, ಫಟ್. ಕೋಣೆಯೆಲ್ಲಾ ನಗು. ಬುಗುರಿಯೂ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು. ಮಂದಿರಕ್ಕೆ ಬಂದಮೇಲೆ ನಕ್ಕಿದ್ದು ಅದೇ ಮೊದಲು. ಹುಡುಗಿಯರು ಹೋದ ಮೇಲೆ ಪರದೆಯ ಮೇಲಿನ ಸೊನ್ನೆಯನ್ನು ನೋಡಿ ಅವಳ ನಗು ಇಳಿಯಿತು.

“ಒಡೆಯುತ್ತೆ ಅಂತ ಗೊತ್ತಿತ್ತು ಮೇಡಂ.”

“ಮತ್ತೆ?”

“ಗೊತ್ತಿದ್ದೂ ಒತ್ತಿದೆ.” ಆಮೇಲೆ ಬೇರೆಯದೇ ದನಿಯಲ್ಲಿ ಅಂದಳು: “ಅವತ್ತೂ ಹಾಗೇ.”

ಮೇಡಂ ಆ ಮಾತನ್ನು ಹಾಗೆಯೇ ಬರೆದುಕೊಂಡರು. ಒಂದು ಬಲೂನಿನ ಆಟದಿಂದ ಯಾರ ತಲೆಯೊಳಗೂ ಇಣುಕಲಾಗದು, ಸ್ಕ್ಯಾನ್ ಮಾಡಿಸಿದರೂ ಈ ಹುಡುಗಿಯನ್ನು ತಡೆಯಬೇಕಾಗಿದ್ದ ಒಳಗಿನ ಬ್ರೇಕು ಅವತ್ತು ಎಷ್ಟು ಹಿಡಿಯಿತೆಂದು ಹೇಳಲಾಗದು ಎಂದು ವರದಿಯಲ್ಲಿ ಅವರೇ ಬರೆದರು. ಅಷ್ಟು ಪ್ರಾಮಾಣಿಕತೆ ಯಾರು ಕೇಳಿದ್ದರೋ! ವಕೀಲರು ಹಿಡಿದು ಎಳೆಯಲು ದಾರ ಕೊಟ್ಟಂತಾಯಿತು. ಆದರೆ ಅವರು ಬರೆದರು.

ಆ ವಾರ ದರ್ಜಿ ಮಗಳನ್ನು ನೋಡಲು ಬಂದ. ಬುಗುರಿಯನ್ನು ಕಂಡು ಬಂದವನು ಮೇಡಂ ಕೋಣೆಯ ಹೊಸ್ತಿಲಲ್ಲೇ ನಿಂತ. ಕುತ್ತಿಗೆಗೆ ಅಳತೆಪಟ್ಟಿ ಹಾಗೆಯೇ ನೇತಾಡುತ್ತಿತ್ತು, ತೆಗೆದಿಡುವುದೂ ಮರೆತು ಬಂದಿದ್ದ.

“ಮೇಡಮ್ಮಾ, ವಕೀಲರು ಏನೇನೋ ಹೇಳ್ತಾರೆ. ಈ ವಯಸ್ಸಲ್ಲಿ ಮಕ್ಕಳ ಮೆದುಳಲ್ಲಿ ಏನೋ ಕತ್ತರಿಸಿ ಹಾಕ್ತಾ ಇರುತ್ತಂತೆ. ನಮ್ಮ ಹುಡುಗಿ ಮೆದುಳು ಸವೆದು ಹೋಗಿದೆಯಾ? ಹೋದ್ವಾರ ತಲೆ ನೋವು ಅಂತಿದ್ಲು.”

“ಕೂತ್ಕೊಳಿ ಅಣ್ಣ. ಸವೆದಿಲ್ಲ. ನೀವು ಕೋಟು ಹೊಲಿಯೋವಾಗ ಮೊದಲು ಕಚ್ಚಾ ಹೊಲಿಗೆ ಹಾಕ್ತೀರಲ್ಲ?”

“ಹ್ಞೂಂ, ಎಲ್ಲಾ ಕಡೆ.”

“ಪಕ್ಕಾ ಹೊಲಿಗೆ ಆದ್ಮೇಲೆ?”

“ಕಚ್ಚಾ ದಾರ ಕಿತ್ತಾಕ್ತೀನಿ. ಇಲ್ಲಾಂದ್ರೆ ಗಿರಾಕಿ ನಗಲ್ವಾ?”

“ಅದು ಬಟ್ಟೆ ಹಾಳಾಗಿದ್ದಾ?”

“ಇಲ್ಲ. ಬಟ್ಟೆ ತಯಾರಾಗಿದ್ದು.”

“ಹಾಗೇ. ವಯಸ್ಸಾಗ್ತಾ ಹಣೆ ಹಿಂದಿನ ಮೆದುಳಿನ ಪದರ ಸ್ವಲ್ಪ ತೆಳುವಾಗುತ್ತೆ. ಅದು ರೋಗ ಅಲ್ಲ, ಬೆಳವಣಿಗೆ. ಒಂದೇ ವ್ಯತ್ಯಾಸ. ಅಲ್ಲಿ ದರ್ಜಿ ಇಲ್ಲ. ಯಾವ ದಾರ ಉಳೀಬೇಕು ಅಂತ ಯಾರೂ ಕೂತು ಆರಿಸಲ್ಲ. ದಿನಾ ಯಾವುದನ್ನ ಬಳಸ್ತಾಳೋ ಅದು ಉಳಿಯುತ್ತೆ.”

ದರ್ಜಿ ಅಳತೆಪಟ್ಟಿಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. “ಅಂದ್ರೆ ದೊಡ್ಡ ಜೈಲಿಗೆ ಹೋದ್ರೆ...”

“ಅಲ್ಲಿ ಏನು ಬಳಸ್ತಾಳೋ ಅದು.”

ಅವನು ಎದ್ದು ನಿಂತ. ಅಳತೆಪಟ್ಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಹೊರಟ.

ವರದಿಯ ತೀರ್ಮಾನದ ಸಾಲು ಮೇಡಂ ಕೈಬರಹದಲ್ಲಿ ಹೀಗಿತ್ತು: ‘ಕೃತ್ಯದ ಪರಿಣಾಮ ಗೊತ್ತಿದ್ದೂ ಮಾಡಿದಳು.’ ಕೆಳಗೆ ಎರಡು ವಾಕ್ಯದಲ್ಲಿ ವಿವರಣೆ. ಮಂಡಳಿಯ ಕಚೇರಿಯ ಟೈಪಿಸ್ಟು ತುಂಬಾ ವರ್ಷದ ಅನುಭವಿ, ಬೇರೆಯವರ ಕಾಗುಣಿತ ತಿದ್ದುವುದೆಂದರೆ ಅವನಿಗೆ ಎಲೆಯಡಿಕೆಯಷ್ಟು ಪ್ರೀತಿ. ವಿವರಣೆಯ ಎರಡು ವಾಕ್ಯ ಹೊಸ ಪುಟಕ್ಕೆ ಹೋಗುತ್ತಿತ್ತು; ಎರಡು ಸಾಲಿಗಾಗಿ ಹಾಳೆ ಯಾಕೆ ದಂಡ ಎಂದು ಅವುಗಳನ್ನು ಬಿಟ್ಟ. ಹಾಗೆ ಕೊನೆಗುಳಿದ ಸಾಲಿನ ‘ದ್ದೂ’ವನ್ನು ‘ದ್ದು’ ಮಾಡಿದ. ಮೇಡಂ ಸಹಿ ಹಾಕುವಾಗ ಪರೀಕ್ಷೆಯ ಅಂಕಗಳನ್ನು ಎರಡು ಸಲ ನೋಡಿದರು, ಕೊನೆಯ ಸಾಲನ್ನು ಕಣ್ಣಾಡಿಸಿ ಬಿಟ್ಟರು. ತಾನೇ ಬರೆದ ಸಾಲನ್ನು ಯಾರು ಓದುತ್ತಾರೆ? ನೆನಪಿನಲ್ಲಿದ್ದದ್ದೇ ಕಾಣುತ್ತದೆ.

ವಿಚಾರಣೆಯ ದಿನ. ಮಂಡಳಿ ಎಂದರೆ ಒಂದು ಉದ್ದ ಮೇಜು, ಒಬ್ಬ ಮ್ಯಾಜಿಸ್ಟ್ರೇಟ್ ಅಮ್ಮ, ಪಕ್ಕದಲ್ಲಿ ಸದಸ್ಯರಾಗಿ ನಿವೃತ್ತ ಭಾಷಾ ಮೇಷ್ಟ್ರು. ಒಂದು ಬದಿಗೆ ದರ್ಜಿ ಮತ್ತು ಬುಗುರಿ. ಇನ್ನೊಂದು ಬದಿಗೆ ಸತ್ತ ಡ್ರೈವರನ ಹೆಂಡತಿ, ತೊಡೆಯ ಮೇಲೆ ಚೀಲ ಅಪ್ಪಿಕೊಂಡು. ಮೂಲೆಯಲ್ಲಿ ಕಂಪ್ಯೂಟರಿನ ಮುಂದೆ ನಮ್ಮ ಟೈಪಿಸ್ಟು.

ಸರ್ಕಾರಿ ವಕೀಲ ವರದಿಯ ಕೊನೆಯ ಪುಟ ತಿರುಗಿಸಿ ದನಿ ಏರಿಸಿದ: “ಇನ್ನೇನು ಬೇಕು ಅಮ್ಮಾ? ಬಾಲಮಂದಿರದ ಮನಶ್ಶಾಸ್ತ್ರಜ್ಞೆಯೇ ಬರೆದಿದ್ದಾರೆ. ‘ಕೃತ್ಯದ ಪರಿಣಾಮ ಗೊತ್ತಿದ್ದು ಮಾಡಿದಳು.’ ಗೊತ್ತಿದ್ದು! ಇಲ್ಲಿಗೆ ಮುಗೀತು. ದೊಡ್ಡವರ ಕೋರ್ಟಿಗೆ ಕಳಿಸಿ.”

ದರ್ಜಿ ಮೇಡಂ ಕಡೆ ತಿರುಗಿದ. ಆ ಮುಖ ನೋಡಿದವರು ಯಾರೂ ಮರೆಯಲಾರರು. ಕಚ್ಚಾ ದಾರ, ಪಕ್ಕಾ ಹೊಲಿಗೆ ಎಂದು ಅಣ್ಣ ಅಂತ ಕೂರಿಸಿ ಮಾತಾಡಿದವಳು ಬೆನ್ನಿಗೆ ಕತ್ತರಿ ಹಾಕಿದಳೇ ಎಂಬ ಮುಖ. ಬುಗುರಿ ಮಾತ್ರ ತಲೆ ಎತ್ತಲಿಲ್ಲ. ಅವಳಿಗೆ ಅದು ನಿಜವೆಂದೇ ಅನಿಸಿತ್ತೋ ಏನೋ.

ಮೇಡಂ ಎದ್ದರು. “ಅಮ್ಮಾ, ಅದು ನಾನು ಬರೆದ ಮಾತಲ್ಲ.”

“ಸಹಿ ನಿಮ್ಮದಲ್ವಾ?” ಎಂದರು ಮ್ಯಾಜಿಸ್ಟ್ರೇಟ್ ಅಮ್ಮ.

“ಸಹಿ ನಂದು. ತಪ್ಪೂ ನಂದು, ಓದದೆ ಹಾಕಿದೆ. ಒಂದು ಕೊಂಬಿನ ದೀರ್ಘ ಬಿಟ್ಟುಹೋಗಿದೆ, ಅದರ ಕೆಳಗಿನ ವಿವರಣೆಯೂ. ಕೈಬರಹದ ಪ್ರತಿ ಇಲ್ಲಿದೆ.”

ವಕೀಲ ನಕ್ಕ. “ಕೊಂಬಿನ ದೀರ್ಘ! ಒಬ್ಬ ಮನುಷ್ಯ ಸತ್ತಿದ್ದಾನೆ, ಇವರು ಕಾಗುಣಿತ ತಿದ್ದೋಕೆ ಕೂತಿದ್ದಾರೆ.”

ಟೈಪಿಸ್ಟು ಮೂಲೆಯಿಂದ ಸಣ್ಣ ದನಿಯಲ್ಲಿ, “ಮೇಡಂದು ಕಣ್ಣು ಸ್ವಲ್ಪ... ಕೈ ತಪ್ಪಿ ಎಳೆದಿದ್ದಾರೆ ಅಂದ್ಕೊಂಡು ನಾನೇ ಸರಿಮಾಡ್ದೆ,” ಎಂದ.

ಮೇಷ್ಟ್ರು ಕನ್ನಡಕ ಏರಿಸಿ ಎರಡೂ ಪ್ರತಿ ಅಕ್ಕಪಕ್ಕ ಇಟ್ಟು ನೋಡಿದರು. “ಸರಿಮಾಡಿದ್ಯೇನಯ್ಯಾ? ಗೊತ್ತಿದ್ದು ಮಾಡಿದಳು ಅಂದ್ರೆ ಬೇಕಂತಲೇ ಮಾಡಿದಳು. ಗೊತ್ತಿದ್ದೂ ಮಾಡಿದಳು ಅಂದ್ರೆ ಗೊತ್ತಿತ್ತು, ಆದರೂ ಮಾಡಿಬಿಟ್ಟಳು. ತರಗತೀಲಾಗಿದ್ರೆ ಕಿವಿ ಹಿಂಡಿ ಬೆಂಚಿನ ಮೇಲೆ ನಿಲ್ಲಿಸ್ತಿದ್ದೆ ನಿನ್ನ.” ಆಮೇಲೆ ಮೇಡಂ ಕಡೆ ತಿರುಗಿ, ಅಷ್ಟೇ ಖಾರವಾಗಿ: “ಆದ್ರೆ ವ್ಯಾಕರಣದಿಂದ ಹುಡುಗಿ ಪಾರಾಗಲ್ಲಮ್ಮ. ನಲವತ್ತು ವರ್ಷ ಹದಿನಾರರ ಮಕ್ಕಳ ಮಧ್ಯೆ ಕಳೆದವನು ನಾನು. ಎಲ್ಲರ ಮೆದುಳೂ ಎಳೇದೇ. ಎಲ್ಲರೂ ಇಟ್ಟಿಗೆ ಎಸೆದ್ರಾ?”

ಇದು ಕೇಳಬೇಕಾದ ಪ್ರಶ್ನೆಯೇ. ಇದನ್ನು ಕೇಳದವರು ಕರುಣೆಯನ್ನು ಹರಕು ಕಂಬಳಿಯಂತೆ ಎಲ್ಲರ ಮೇಲೂ ಹೊದಿಸುತ್ತಾರೆ.

“ಇಲ್ಲ ಸಾರ್,” ಎಂದರು ಮೇಡಂ. “ಬಹುಪಾಲು ಮಕ್ಕಳು ಎಸೆಯಲ್ಲ. ಅದಕ್ಕೇ ಇವಳದು ತಪ್ಪಲ್ಲ ಅಂತ ನಾನು ಬರೆದಿಲ್ಲ. ಬ್ರೇಕು ಇಲ್ಲ ಅಂತಲೂ ಬರೆದಿಲ್ಲ. ಬ್ರೇಕು ಇದೆ, ಗಟ್ಟಿಯಾಗಿಲ್ಲ. ಒಬ್ಬಳೇ ಇದ್ದಾಗ ಹಿಡಿಯುತ್ತೆ, ಗೆಳತಿಯರು ಕೂಗುವಾಗ ಜಾರುತ್ತೆ. ದೊಡ್ಡವರ ಬ್ರೇಕೂ ಜಾರುತ್ತೆ, ಆದ್ರೆ ಈ ವಯಸ್ಸಲ್ಲಿ ಹೆಚ್ಚು. ಕಾನೂನು ನನ್ನನ್ನ ಕೇಳಿದ್ದು ಇವಳು ದೊಡ್ಡವಳ ಹಾಗಾ ಅಂತ. ತಿಳಿಯೋದರಲ್ಲಿ ಹೌದು. ತಡೆಯೋದರಲ್ಲಿ ಇನ್ನೂ ಅಲ್ಲ.”

ಆಗ ಡ್ರೈವರನ ಹೆಂಡತಿ ಮಾತಾಡಿದಳು. ಎದ್ದು ನಿಲ್ಲಲಿಲ್ಲ, ದನಿ ಏರಿಸಲಿಲ್ಲ.

“ನಮ್ಮ ಮನೆಯವರ ಮೆದುಳು ಪೂರ್ತಿ ಬೆಳೆದಿತ್ತು ಮೇಡಂ. ದಿನಾ ಬೆಲ್ಟು ಹಾಕ್ಕೊಂಡೇ ಗಾಡಿ ಓಡಿಸ್ತಿದ್ರು. ಅವರ ತಲೆ ಬಗ್ಗೆ ಯಾರೂ ಇಷ್ಟು ಹೊತ್ತು ಮಾತಾಡ್ಲಿಲ್ಲ.”

ವಕೀಲನೂ ಕಾಗದದ ಕಡೆ ನೋಡಿದ. ಈ ದೇಶದಲ್ಲಾಗಲಿ ಯಾವ ದೇಶದಲ್ಲಾಗಲಿ, ಸತ್ತವರ ಮನೆಯವರನ್ನು ನಾವು ಕರೆದು ಬೆಂಚಿನ ಮೇಲೆ ಕೂರಿಸುತ್ತೇವೆ, ಆಮೇಲೆ ಅವರಿದ್ದಾರೆ ಎನ್ನುವುದನ್ನು ಮರೆಯುತ್ತೇವೆ. ಮೇಡಂ ಆ ಹೆಂಗಸಿನ ಮುಂದೆ ಹೋಗಿ ನಿಂತರು.

“ಮಾತಾಡ್ಲಿಲ್ಲ ತಾಯಿ. ಅದು ಅನ್ಯಾಯ. ಅದಕ್ಕೆ ನನ್ನ ಹತ್ರ ಶಾಸ್ತ್ರ ಇಲ್ಲ.”

“ಮತ್ತೆ ನೀವು ಇವಳನ್ನ ಬಿಡಿಸ್ತಾ ಇದೀರಿ.”

“ಬಿಡಿಸ್ತಿಲ್ಲ. ಎಲ್ಲಿಡಬೇಕು ಅನ್ನೋದಷ್ಟೇ ಕೇಳ್ತಿದ್ದೀನಿ.” ಎಡಗಣ್ಣಿನ ಕೆಳಗೆ ಬೆರಳಿಟ್ಟು ತೋರಿಸಿದರು. “ಈ ಕಣ್ಣು ನೋಡಿ. ಕಣ್ಣು ಚೆನ್ನಾಗೇ ಇದೆ. ಬಳಸಬೇಕಾದ ವಯಸ್ಸಲ್ಲಿ ಬಳಸಲಿಲ್ಲ, ಮೆದುಳು ಇದರ ಜಾಗ ಕಿತ್ಕೊಂಡುಬಿಡ್ತು. ಆಮೇಲೆ ಎಷ್ಟು ಪಟ್ಟಿ ಕಟ್ಟಿದ್ರೂ ಅರ್ಧ ಅಷ್ಟೇ ಬಂದಿದ್ದು. ಕಣ್ಣಿನ ಆ ಕಾಲ ಚಿಕ್ಕದು. ಇವಳ ಹಣೆ ಹಿಂದೆ, ತಡೆಯೋ ಭಾಗದ್ದು ಇನ್ನೂ ನಡೀತಾ ಇದೆ, ಕೆಲವು ವರ್ಷ ನಡೆಯುತ್ತೆ. ಬಾಗಿಲು ದಡಾರಂತ ಮುಚ್ಚಲ್ಲ, ಆಮೇಲೂ ಮನುಷ್ಯರು ಬದಲಾಗ್ತಾರೆ. ಆದ್ರೆ ಈಗ ಬದಲಾದಷ್ಟು ಸುಲಭವಾಗಿ ಅಲ್ಲ. ಈ ವರ್ಷಗಳಲ್ಲಿ ಇವಳು ದಿನಾ ನಿಲ್ಲೋದನ್ನ, ಯೋಚಿಸೋದನ್ನ ಬಳಸಿದ್ರೆ ಅದು ಉಳಿಯುತ್ತೆ. ದಿನಾ ಹೆದರೋದನ್ನ, ಹೊಡೆಯೋದನ್ನ ಬಳಸಿದ್ರೆ ಅದು ಉಳಿಯುತ್ತೆ. ಎರಡಕ್ಕೂ ನಾನು ಖಾತ್ರಿ ಕೊಡಲ್ಲ. ಎರಡರಲ್ಲೂ ಇವಳು ಒಂದು ದಿನ ಹೊರಗೆ ಬರ್ತಾಳೆ, ಯಾವುದೋ ಸೇತುವೆ ಮೇಲೆ ನಡೀತಾಳೆ.”

ಡ್ರೈವರನ ಹೆಂಡತಿ ಆ ಕಣ್ಣನ್ನೇ ನೋಡಿದಳು. ಆಮೇಲೆ ಬುಗುರಿಯನ್ನು.

“ಏ ಹುಡುಗಿ. ನೀನೇ ಹೇಳು. ಯಾಕೆ ಬಿಟ್ಟೆ?”

ದರ್ಜಿ “ಹೇಳಮ್ಮ” ಎಂದ. ಬುಗುರಿ ಹೇಳಿದ್ದು ಇಷ್ಟು: “ಗೊತ್ತಿತ್ತು ಆಂಟಿ. ಕೈ ಬಿಟ್ಟಮೇಲೆ ಇನ್ನೂ ಚೆನ್ನಾಗಿ ಗೊತ್ತಾಯ್ತು. ಹಿಡ್ಕೊಳೋಕೆ ಕೈ ಚಾಚಿದೆ, ಸಿಗಲಿಲ್ಲ.”

ಹೆಂಗಸು ಚೀಲವನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡಳು. ಕ್ಷಮಿಸಿದೆ ಎನ್ನಲಿಲ್ಲ. ಯಾಕೆ ಅನ್ನಬೇಕು? ಕಥೆ ಚೆಂದವಾಗಲಿ ಎಂದೇ?

ಮ್ಯಾಜಿಸ್ಟ್ರೇಟ್ ಅಮ್ಮ ಮೇಷ್ಟ್ರ ಕಿವಿಯಲ್ಲಿ ಮಾತಾಡಿದರು. ಮೇಷ್ಟ್ರು ಒಮ್ಮೆ ಅಡ್ಡಡ್ಡ ತಲೆಯಾಡಿಸಿದರು, ಆಮೇಲೆ ಉದ್ದುದ್ದ. ಅಮ್ಮ ಆದೇಶ ಹೇಳತೊಡಗಿದರು. ಟೈಪಿಸ್ಟನ ಬೆರಳುಗಳು ಕೀಲಿಗಳ ಮೇಲೆ ಓಡಿದವು. ಮೇಡಂ ಅವನ ಕುರ್ಚಿಯ ಹಿಂದೆ ಹೋಗಿ, ಬಗ್ಗಿ, ಒಳ್ಳೆಯ ಕಣ್ಣನ್ನು ಪರದೆಗೆ ತಂದು ನಿಂತರು.

“...ಬಾಲಕಿಯು ಪರಿಣಾಮ ಗೊತ್ತಿದ್ದೂ...” ಎಂದು ಅಮ್ಮ ನಿಲ್ಲಿಸಿದರು. “ಏನ್ರೀ, ಬಂತಾ?”

“ಬಂತು ಅಮ್ಮಾ.”

“ಜೋರಾಗಿ ಓದಿ.”

“ಗೊತ್ತಿದ್ದೂಊಊ,” ಎಂದು ಟೈಪಿಸ್ಟು ಬಸ್ಸಿನ ಹಾರ್ನಿನಂತೆ ಎಳೆದ. ಯಾರೂ ನಗಲಿಲ್ಲ. ಅವನಿಗೇ ನಾಚಿಕೆಯಾಗಿ ತಲೆ ತಗ್ಗಿಸಿದ.

ಬುಗುರಿಯನ್ನು ದೊಡ್ಡವರ ಕೋರ್ಟಿಗೆ ಕಳಿಸಲಿಲ್ಲ. ಮಂಡಳಿಯೇ ವಿಚಾರಣೆ ನಡೆಸುತ್ತದೆ, ಅಲ್ಲಿಯವರೆಗೂ ಆಮೇಲೂ ಬಾಲಮಂದಿರದಲ್ಲಿ ಓದು, ಕೆಲಸ, ವಾರವಾರ ಮೇಡಂ ಮುಂದೆ ಹಾಜರು; ಪ್ರಗತಿಯನ್ನು ಮಂಡಳಿ ಆಗಾಗ ನೋಡುತ್ತದೆ ಎಂದಾಯಿತು. ಹೊರಗೆ ಕಾರಿಡಾರಿನಲ್ಲಿ ದರ್ಜಿ ಕೈಮುಗಿಯಲು ಬಂದ. ಮೇಡಂ ಆ ಕೈ ಹಿಡಿದು ಇಳಿಸಿದರು. ಡ್ರೈವರನ ಹೆಂಡತಿ ಪಕ್ಕದಲ್ಲೇ ಹಾದುಹೋಗುತ್ತಿದ್ದಳು. ಅವಳ ಮುಂದೆ ಯಾವ ಕೈಮುಗಿಯುವುದೂ ಬೇಡವೆನಿಸಿತ್ತು.

ಪತ್ರಿಕೆ ಮರುದಿನ ಬರೆಯಿತು: ‘ಯಮಪುತ್ರಿಗೆ ರಕ್ಷೆ’. ಓದಿ ಚಪ್ಪರಿಸಿದವರೆಲ್ಲಾ ಒಂದು ಕೆಲಸ ಮಾಡಲಿ. ತಮ್ಮ ಹದಿನಾರನೆಯ ವರ್ಷವನ್ನು ನೆನೆಯಲಿ. ಯಾವ ಗೋಡೆ ಹಾರಿದಿರಿ, ಯಾರ ಬೈಕಿನ ಹಿಂದೆ ಕೂತಿರಿ, ಯಾರು ನೋಡುತ್ತಿದ್ದರು? ನಿಮ್ಮ ಇಟ್ಟಿಗೆ ಖಾಲಿ ರಸ್ತೆಗೆ ಬಿತ್ತು, ಅಷ್ಟೇ. ಅದನ್ನು ನೀವು ನಿಮ್ಮ ಸದ್ಗುಣ ಎಂದು ತಿಳಿದುಕೊಂಡಿರಿ.

ಕೆಲವು ತಿಂಗಳ ನಂತರ ಒಂದು ಮಧ್ಯಾಹ್ನ. ಮೇಡಂ ತಮ್ಮ ಕೋಣೆಯ ಕಿಟಕಿಯಲ್ಲಿ ಚಹಾ ಹಿಡಿದು ನಿಂತಿದ್ದರು. ಅಂಗಳದಲ್ಲಿ ಶಟಲ್ ಕಾಕ್ ಹಾರಿ ಓವರ್‌ಹೆಡ್ ಟ್ಯಾಂಕಿನ ತುದಿಗೆ ಸಿಕ್ಕಿಕೊಂಡಿತು. ಹುಡುಗಿಯರು ಕಬ್ಬಿಣದ ಏಣಿಯ ಸುತ್ತ ಸೇರಿದರು. ಏಣಿಯ ಒಂದೆರಡು ಮೆಟ್ಟಿಲು ತುಕ್ಕು ತಿಂದು ಜೋತಾಡುತ್ತಿದ್ದವು. ಹತ್ತಬಾರದೆಂದು ಹಲಗೆ ತೂಗುಹಾಕಿತ್ತು.

“ಬುಗುರಿ, ಹತ್ತೇ!”

“ಇವಳಾ? ಬರೀ ಬಾಯಿ!”

ಚಪ್ಪಾಳೆ ಶುರುವಾಯಿತು. ಹತ್ತು, ಹತ್ತು, ಹತ್ತು.

ಮೇಡಂಗೆ ಕೂಗಬೇಕೆನಿಸಿತು. ಕೂಗಲಿಲ್ಲ. ತಾನು ಕೂಗಿ ನಿಲ್ಲಿಸಿದರೆ ಅದು ತನ್ನ ಬ್ರೇಕು, ಅವಳದಲ್ಲ. ಆದರೆ ಏಣಿ ಮುರಿದರೆ? ಬಾಯಿ ಅರ್ಧ ತೆರೆಯಿತು.

ಬುಗುರಿ ಮೊದಲ ಮೆಟ್ಟಿಲಿಗೆ ಕಾಲಿಟ್ಟಳು. ಎರಡನೆಯದಕ್ಕೆ. ಮೂರನೆಯ ಮೆಟ್ಟಿಲನ್ನು ಕೈಯಿಂದ ಅಲುಗಾಡಿಸಿ ನೋಡಿದಳು. ಅಲ್ಲಿ ನಿಂತಳು. ಚಪ್ಪಾಳೆ ಜೋರಾಯಿತು. ಅವಳ ಬೆನ್ನು ಮಾತ್ರ ಕಾಣುತ್ತಿತ್ತು, ಮುಖವಿಲ್ಲ.

ಆಮೇಲೆ ಕೆಳಗಿಳಿದಳು. “ಹೋಗ್ರೇ, ನೀವೇ ಹತ್ತಿ,” ಎಂದು ಬ್ಯಾಟನ್ನು ಹೆಗಲಿಗೇರಿಸಿ ನಡೆದಳು. ಯಾರೋ “ಪುಕ್ಕಲಿ” ಎಂದರು. ಅವಳ ಕಿವಿ ಕೆಂಪಾದದ್ದು ಅಷ್ಟು ದೂರದಿಂದಲೂ ಕಂಡಿತು.

ಅದೇ ಹೊತ್ತಿಗೆ ವಾರ್ಡನ್ ಕೂಡ ಅಂಗಳದ ಬಾಗಿಲಿಗೆ ಬಂದಿದ್ದಳು. ಹುಡುಗಿ ಇಳಿದದ್ದು ತಾನಾಗಿ ತಡೆದುಕೊಂಡೋ, ವಾರ್ಡನ್ನಿನ ಸೀರೆಯ ಅಂಚು ಕಂಡೋ? ಮೇಡಂ ಒಳ್ಳೆಯ ಕಣ್ಣನ್ನು ಕಿರಿದಾಗಿಸಿ ನೋಡಿದರು. ವಾರ್ಡನ್ ಏಣಿಗೆ ಎಷ್ಟು ಹತ್ತಿರವಿದ್ದಳು, ಹುಡುಗಿಗೆ ಕಂಡಿದ್ದಳೋ ಇಲ್ಲವೋ ಎಂದು ಹೇಳಲಾಗಲಿಲ್ಲ. ದೂರ ಅಳೆಯುವುದು ಅವರಿಂದ ಆಗದ ಕೆಲಸ. ಲೋಟದ ಚಹಾ ಆರಿಹೋಗಿತ್ತು. ಅಂಚಿನ ಮೇಲೆ ಬೆರಳು ಇನ್ನೂ ಹಾಗೆಯೇ ಇತ್ತು.